ವೈಫೈ ಹಾಕಿಸುವವರೇ, ಕೇಬಲ್‌ಗಳ ಚಿತ್ರ ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ

ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳ್ತೀನಿ. 4,700 ರೂಪಾಯಿ ಕಳೆದುಕೊಂಡಿದ್ದೀನಿ. ಒಂದು ಹಾಳೆ ಇದ್ದಿದ್ದರೆ ಇಷ್ಟೂ ಉಳಿಯುತ್ತಿತ್ತು.

ಮಹಡಿ ಮೇಲೆ ಸಿಗ್ನಲ್ ಸಿಗಲ್ಲ ಅಂತ ನೆಟ್‌ವರ್ಕ್ ಕೆಲಸದವರನ್ನು ಕರೆಸಿದ್ದೆ. ಏನೋ ಹಾಕಿ ಹೋದರು. ಯಾವ ಕೇಬಲ್ ಎಲ್ಲಿಗೆ ಹೋಗಿದೆ, ಒಂದು ಚಿತ್ರ ಬರೆದುಕೊಡಿ ಅಂದೆ. "ಅದೆಲ್ಲ ನಿಮಗ್ಯಾಕೆ ಮೇಡಂ? ನಮ್ಮ ತಲೇಲಿದೆ, ಫೋನ್ ಮಾಡಿ" ಅಂದರು. ಸುಮ್ಮನಾದೆ.

ಆಮೇಲೆ ಶುರುವಾಯ್ತು. ಮಾವನವರ ಫೋನಿಗೆ ವೈಫೈ ಬರುತ್ತೆ, ನೆಟ್ ಬರಲ್ಲ. ಪಕ್ಕದಲ್ಲೇ ಕೂತ ಮಗಳ ಫೋನಿಗೆ ಬರುತ್ತೆ! ಮೂರು ಸಲ ಬಂದು, ಎಲ್ಲ ಆಫ್ ಮಾಡಿ ಆನ್ ಮಾಡಿ, ಸಲಕ್ಕೆ 500 ತಗೊಂಡರು. ಮೂರನೇ ಸಲ "ರೂಟರ್ ಹೋಗಿದೆ ಮೇಡಂ" ಅಂದು 3,200ಕ್ಕೆ ಹೊಸದು ಹಾಕಿದರು. ಎರಡು ದಿನ ಚೆನ್ನಾಗಿತ್ತು. ಮತ್ತೆ ಅದೇ ಕಥೆ.

ಕೊನೆಗೆ ತಂಗಿ ಮಗ ಬಂದ. ಹಳೇ ಕ್ಯಾಲೆಂಡರ್ ಹಿಂದೆ, ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ ಡಬ್ಬಿಯ ಎಂಟು ಪೋರ್ಟ್ ಬರೆದ. ಒಂದೊಂದು ಕೋಣೆಯಲ್ಲೂ ಕೇಬಲ್‌ಗೆ ಲ್ಯಾಪ್‌ಟಾಪ್ ಹಾಕಿ ತೆಗೆಯೋದು, ಕೆಳಗೆ ಯಾವ ಲೈಟ್ ಆರುತ್ತೆ ಅಂತ ನಾನು ಕೂಗಿ ಹೇಳೋದು. ಐದನೇ ಲೈಟ್ ಮಾತ್ರ ಯಾವ ಕೋಣೆಗೂ ಸೇರಲಿಲ್ಲ. ಆರಲೂ ಇಲ್ಲ. ಅದರ ಕೇಬಲ್ ಹಿಡಿದು ಹೋದರೆ ಅಟ್ಟದ ಮೇಲೆ, ಸೂಟ್‌ಕೇಸ್‌ಗಳ ಹಿಂದೆ, ಇನ್ನೊಂದು ಹಳೇ ರೂಟರ್! ಅದಕ್ಕೂ ನಮ್ಮದೇ ವೈಫೈ ಹೆಸರು, ಅದೇ ಪಾಸ್‌ವರ್ಡ್.

ಮನೆಯ ಫೋನ್, ಲ್ಯಾಪ್‌ಟಾಪ್‌ಗಳಿಗೆ ನೆಟ್‌ವರ್ಕ್ ನಂಬರು, ಅಂದರೆ ಐಪಿ ವಿಳಾಸ, ಹಂಚೋದು ಒಂದೇ ರೂಟರ್ ಆಗಿರಬೇಕು. ಇಲ್ಲಿ ಎರಡೂ ಹಂಚುತ್ತಿದ್ದವು. ಯಾವುದು ಮೊದಲು ಕೊಡುತ್ತೋ ಫೋನ್ ಅದನ್ನೇ ತಗೊಳ್ಳುತ್ತೆ. ಅಟ್ಟದ್ದರಿಂದ ತಗೊಂಡರೆ ನೆಟ್ ಇಲ್ಲ. ಆಫ್ ಮಾಡಿ ಆನ್ ಮಾಡಿದಾಗ ಸರಿಹೋಗಿದ್ದು ಬರೀ ಅದೃಷ್ಟದಿಂದ, ಅವರ ರಿಪೇರಿಯಿಂದಲ್ಲ. ನೆಟ್ ಬಾರದಿದ್ದಾಗ, ಯಾವ ರೂಟರ್‌ಗೆ ಸೇರಿದೆ ಅಂತ ಲ್ಯಾಪ್‌ಟಾಪ್‌ನಲ್ಲಿ ನೋಡಿದೆವು:

```
ipconfig
Default Gateway: 192.168.0.1
```

ಇದು ಅಟ್ಟದ ರೂಟರ್ ವಿಳಾಸ. ನಮ್ಮ ಮೇನ್ ರೂಟರ್‌ದು 192.168.1.1. ಚಿತ್ರದಲ್ಲಿ ಇದಿದ್ದಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗ್ತಿತ್ತು, ಅಲ್ವಾ? ತಂಗಿ ಮಗ ಅಟ್ಟದ ರೂಟರ್‌ನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ ಮೇನ್ ರೂಟರ್ ಯಾರಿಗೂ ಹಂಚದ, 192.168.1ರಿಂದ ಶುರುವಾಗುವ ಒಂದು ವಿಳಾಸ ಕೊಟ್ಟ. ಅಷ್ಟೇ ಕೆಲಸ. ಹೊಸ ರೂಟರ್ ಬೇಕೇ ಇರಲಿಲ್ಲ.

ಆ ಕೆಲಸದವರಿಗೆ ಫೋನ್ ಮಾಡಿ ಕೇಳಿದೆ. "ಅದು ಹಾಕಿದ ಹುಡುಗ ಕೆಲಸ ಬಿಟ್ಟ ಮೇಡಂ, ಅಟ್ಟದ ಮೇಲಿರೋದು ನಮಗೆ ಹೇಗೆ ಗೊತ್ತಾಗ್ಬೇಕು?" ಅಂತೆ! ತಲೇಲಿದೆ ಅಂದವರು ಇವರೇ. ಇವರೇ!

ದುಡ್ಡು ವಾಪಸ್ ಬರಲಿಲ್ಲ. ನೀವಾದರೂ ಬರೆಸಿಕೊಳ್ಳಿ. ಒಂದೊಂದು ಡಬ್ಬಿಗೆ ಒಂದು ಚೌಕ, ಅದು ಎಲ್ಲಿದೆ, ಅದರ ವಿಳಾಸ ಏನು, ಯಾವ ಪೋರ್ಟ್‌ನಿಂದ ಯಾವ ಕೋಣೆಗೆ ಗೆರೆ, ವಿಳಾಸ ಹಂಚೋದು ಯಾವುದು. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ. ನಮ್ಮದು ಈಗ ಮೀಟರ್ ಬಾಕ್ಸ್ ಬಾಗಿಲ ಒಳಗೆ ಅಂಟಿಸಿದೆ. ಆ ಹಾಳೆ ಕೈಗೆ ಬರುವ ತನಕ ಕೊನೇ ಕಂತು ಕೊಡಲೇಬೇಡಿ.