ಹಳದಿ ಅಂಟುಕಾರ್ಡ್: ಒಂದು ವರ್ಷ ಬಳಸಿದ ಮೇಲೆ

ಕುಂಡದ ಗಿಡಗಳ ಸುತ್ತ ಹಾರುವ ನೊರಜುಗಳನ್ನು ಹಿಡಿಯುವ ಈ ಕಾರ್ಡಿಗೆ 5ಕ್ಕೆ 4 ಅಂಕ. ಒಂದು ಅಂಕ ಕಳೆದದ್ದು ಪೊಟ್ಟಣದ ಮೇಲಿರುವ ‘ನೊರಜುಗಳಿಂದ ಪೂರ್ತಿ ಮುಕ್ತಿ’ ಎಂಬ ಮಾತಿಗೆ. ಈ ನೊರಜಿನ ಹೆಸರು ಫಂಗಸ್ ನ್ಯಾಟ್; ಕಾರ್ಡಿಗೆ ಅಂಟುವುದು ಬೆಳೆದು ಹಾರುವ ನೊರಜು ಮಾತ್ರ. ಅದು ಬದುಕುವುದೇ ಸುಮಾರು ಒಂದು ವಾರ, ಅಷ್ಟರಲ್ಲಿ ಒದ್ದೆ ಮಣ್ಣಿನಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಇಟ್ಟಿರುತ್ತದೆ. ಆ ಮೊಟ್ಟೆಯೊಡೆದು ಬಂದ, ಬೂಷ್ಟು, ಕೊಳೆತ ಕಸ, ಎಳೆಯ ಬೇರು ತಿನ್ನುವ ಕಪ್ಪು ತಲೆಯ ಬಿಳಿ ಹುಳುಗಳು ಮಣ್ಣಿನ ಮೇಲ್ಪದರದಲ್ಲಿ ಹಾಗೇ ಇರುತ್ತವೆ.

ಹಾಗಾಗಿ ಇದನ್ನು ಔಷಧಿ ಅನ್ನದೆ ಅಳತೆಗೋಲು ಅನ್ನಿ. ಆ ಕೆಲಸಕ್ಕೆ ಬಹಳ ಚೆನ್ನಾಗಿದೆ. ಈ ನೊರಜು ಎತ್ತರಕ್ಕೆ ಹಾರುವುದು ಕಡಿಮೆ, ಮಣ್ಣಿನ ಮೇಲೇ ಹರಿದಾಡುತ್ತದೆ. ಕಾರ್ಡನ್ನು ಎಲೆಗಳ ನಡುವೆ ನೇತುಹಾಕದೆ, ಕೆಳಅಂಚು ಮಣ್ಣಿಗೆ ಒಂದೆರಡು ಸೆಂ.ಮೀ. ಮೇಲಿರುವಂತೆ ಚುಚ್ಚಿ. ಮೂಲೆಯಲ್ಲಿ ತಾರೀಖು ಬರೆದು ವಾರಕ್ಕೊಮ್ಮೆ ಎಣಿಸಿ.

ಕೊಕೊಪೀಟ್ ತುಂಬಿದ 6 ಇಂಚಿನ ಕುಂಡದಲ್ಲಿ ಮನಿಪ್ಲಾಂಟ್ ಇದೆ, ದಿನಾ ಒಂದು ಲೋಟ ನೀರು ಬೀಳುತ್ತಿದೆ ಅಂದುಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಮೇಲೆ ಕಂದು ಬಣ್ಣಕ್ಕೆ ತಿರುಗಿ ಒಣಗಿದಂತೆ ಕಂಡರೂ, ಬೆರಳಿಳಿಸಿದರೆ ಒಳಗೆಲ್ಲ ತೇವ. ಹುಳುಗಳಿಗೆ ಬೇಕಾದದ್ದೇ ಅದು. ಮೊದಲು ನೀರು ಹಾಕುವುದನ್ನು ನಿಲ್ಲಿಸಿ. ಮೇಲಿನ 3 ಸೆಂ.ಮೀ. ಒಣಗಿ, ಎತ್ತಿದಾಗ ಕುಂಡ ಹಗುರ ಅನ್ನಿಸಿದ ಮೇಲೆ, ಅದನ್ನು ನೀರಿನ ಬೇಸಿನ್ನಿನಲ್ಲಿ 20–30 ನಿಮಿಷ ಇಡಿ. ಮೇಲ್ಮೈ ತೇವಕ್ಕೆ ಕಪ್ಪಾಗುವ ಮೊದಲೇ ತೆಗೆದು, ನೀರೆಲ್ಲ ಸೋರಿದ ಮೇಲೆ ತಟ್ಟೆಗೆ ಇಡಿ. ಬೇರಿಗೆ ನೀರು ಸಿಕ್ಕಿತು, ಮೇಲ್ಪದರ ಒಣಗಿಯೇ ಉಳಿಯಿತು. ಒಣಗಿ ಕುಗ್ಗಿದ ಕೊಕೊಪೀಟಿಗೆ ಮೇಲಿಂದ ಸುರಿದರೆ ನೀರು ಗೋಡೆಯ ಸಂದಿಯಲ್ಲಿ ಜಾರಿ ತಳಕ್ಕೆ ಹೋಗಿಬಿಡುತ್ತದೆ, ಬೇರಿಗೆ ಸಿಗುವುದಿಲ್ಲ.

ಎಷ್ಟೋ ಜನ ಕೈಬಿಡುವುದು ಇಲ್ಲೇ: ಮೊದಲ ಎರಡು ವಾರ ಕಾರ್ಡಿನ ಎಣಿಕೆ ಇಳಿಯುವುದಿಲ್ಲ, ಕೆಲವೊಮ್ಮೆ ಏರುತ್ತದೆ. ಆಗಲೇ ಕೋಶ ಕಟ್ಟಿಕೊಂಡಿದ್ದವು ಹೊರಬರುತ್ತಿರುತ್ತವೆ ಅಷ್ಟೆ. ಮೊಟ್ಟೆಯಿಂದ ನೊರಜಾಗಲು ಮೂರ್ನಾಲ್ಕು ವಾರ ಬೇಕು, ಹಾಗಾಗಿ ಇಳಿಕೆ ಕಾಣುವುದು ಮೂರನೆಯ ವಾರದ ನಂತರ. ಐದನೆಯ ವಾರಕ್ಕೂ ಇಳಿಯದಿದ್ದರೆ ಅಲಂಕಾರದ ಹೊರಕುಂಡ ಎತ್ತಿ ನೋಡಿ. ತಳದಲ್ಲಿ ನೀರು ನಿಂತಿದ್ದರೆ ತೂತಿನ ಕಡೆಯಿಂದಲೇ ಸಂತಾನ ಬೆಳೆಯುತ್ತಿರುತ್ತದೆ.

ಜರೀಗಿಡ, ಎಳೆ ಸಸಿಗಳನ್ನು ಹೀಗೆ ಒಣಗಿಸಬೇಡಿ, ಸಾಯುತ್ತವೆ. ಅವಕ್ಕೆ ಬಿಟಿಐ ಎಂಬ, ಈ ಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿಯನ್ನು ಪೊಟ್ಟಣದ ಅಳತೆಯಂತೆ ನೀರಲ್ಲಿ ಕಲಸಿ, ವಾರಕ್ಕೊಮ್ಮೆ, ಕನಿಷ್ಠ ಮೂರು ವಾರ ಹಾಕಿ. ಅದು ಕೊಲ್ಲುವುದು ಅದನ್ನು ತಿಂದ ಹುಳುವನ್ನು ಮಾತ್ರ, ಮೊಟ್ಟೆಯನ್ನಲ್ಲ.

ನೀರು ಹಾಕಿದಾಗ ಪುಟಪುಟ ನೆಗೆಯುವ ಬಿಳಿ ಚುಕ್ಕೆಗಳು ಸ್ಪ್ರಿಂಗ್‌ಟೇಲ್. ಅವು ಹಾರುವುದಿಲ್ಲ, ಗಿಡಕ್ಕೂ ತೊಂದರೆ ಕೊಡುವುದಿಲ್ಲ. ಅವಕ್ಕಾಗಿ ಕಾರ್ಡ್ ಕೊಳ್ಳಬೇಡಿ.

ಅಂಟು ಧೂಳು ಹಿಡಿದರೆ ಕಾರ್ಡ್ ಬದಲಿಸಿ. ತೆಳು ಎಲೆ ತಾಗದಂತೆ ನೋಡಿಕೊಳ್ಳಿ, ಬಿಡಿಸುವಾಗ ಹರಿದೇ ಬರುತ್ತದೆ.