ಮೀಸಲು ಅರಣ್ಯವೋ, ಸಂರಕ್ಷಿತ ಅರಣ್ಯವೋ: ಪ್ರಬಂಧಕ್ಕೆ ಯಾವುದು?

1878ರ ಬ್ರಿಟಿಷ್ ಅರಣ್ಯ ಕಾಯ್ದೆಯ ಬಗ್ಗೆ ಬರೆಯಲಿರುವ ಕಲಬುರಗಿಯ ಇತಿಹಾಸ ವಿದ್ಯಾರ್ಥಿಗಳಿಗೆ ಈ ಹೋಲಿಕೆ.

ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದ್ದೆಲ್ಲ ಅಪರಾಧ. ಸಂರಕ್ಷಿತ ಅರಣ್ಯದಲ್ಲಿ ತಡೆಯದ್ದೆಲ್ಲ ಸಲ್ಲುತ್ತದೆ. ಅಂದರೆ ಸೌದೆ ಆರಿಸಿದ ಹೆಂಗಸು ಒಂದು ಕಡೆ ಅಪರಾಧಿ, ಇನ್ನೊಂದು ಕಡೆ ಅಲ್ಲ.

ಮೀಸಲು ಮಾಡುವ ಮುಂಚೆ ಹಕ್ಕು ಹೇಳಿಕೊಳ್ಳಲು ಕನಿಷ್ಠ ಮೂರು ತಿಂಗಳು ಗಡುವು ಕೊಡಬೇಕಿತ್ತು. ಓದು ಬರದವರಿಗೆ, ದನಕರುಗಳ ಜೊತೆ ತಿರುಗುವವರಿಗೆ ಆ ಪ್ರಕಟಣೆ ತಲುಪುವುದೇ ಕಷ್ಟ. ಗಡುವು ದಾಟಿದರೆ ಹಕ್ಕು ಸಾಮಾನ್ಯವಾಗಿ ಅಳಿಯುತ್ತಿತ್ತು. ಸಂರಕ್ಷಿತ ಅರಣ್ಯದಲ್ಲಿ ಹಕ್ಕು ಉಳಿಯುತ್ತಿತ್ತು, ಆದರೆ ಸರ್ಕಾರ ಬೇಕಾದ ಮರಗಳನ್ನು ಕಾಯ್ದಿರಿಸಬಹುದಿತ್ತು.

ಪರಿಸರದ ಹಾನಿಗೂ ಮೀಸಲೇ ಒಳ್ಳೆಯ ಉದಾಹರಣೆ. ರೈಲು ಹಳಿಯಡಿಯ ದಿಮ್ಮಿಗೆ ಬೇಕಾದ ತೇಗ, ಸಾಲ್ ಮರ ಬೆಳೆಸಲು ಮಿಶ್ರಕಾಡು ತೆಳುವಾಯಿತು. ಮೇವು, ಹಣ್ಣಿನ ಮರ ಕಡಿಮೆಯಾದವು.

ಹೀಗಾಗಿ ಪ್ರಬಂಧಕ್ಕೆ ಮೀಸಲನ್ನೇ ಆರಿಸಿ. ಒಂದು ಎಚ್ಚರ: ಚಿಂಚೋಳಿ ಕಾಡಿಗೆ ಈ ಕಾಯ್ದೆ ನೇರ ಅನ್ವಯವಾಗಿತ್ತು ಅಂತ ಬರೆದರೆ ತಪ್ಪು. ಕಲಬುರಗಿ, ಬೀದರ್, ಯಾದಗಿರಿ ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು.