ಬೈತಲೆ ಬದಲಿಸೋಕೆ ಕೂದಲನ್ನೆಲ್ಲ ಫ್ಲಿಪ್ ಮಾಡಬೇಡಿ, ಎಳೆಗಳನ್ನಷ್ಟೇ ಮಾಡಿ

ಫೋಟೋದಲ್ಲಿ ಅಕ್ಕನ ಓರೆ ಬೈತಲೆ ಎಡಕ್ಕಿತ್ತು. ಬಲಕ್ಕೆ ತೆಗೆದರೆ ಹೇಗೆ ಕಾಣುತ್ತದೆ ಅಂತ ಅವಳಿಗೆ ನೋಡಬೇಕಿತ್ತು. ಇಡೀ ಫೋಟೋವನ್ನು ಕನ್ನಡಿಯಲ್ಲಿ ಕಾಣೋ ಹಾಗೆ ಫ್ಲಿಪ್ ಮಾಡಿದರೆ ಕೆನ್ನೆಯ ಮಚ್ಚೆಯೂ ಆಚೆ ಹೋಗುತ್ತದೆ, ಹಾಗಾಗಿ ಅದನ್ನು ಬಿಟ್ಟೆ.

ಮೊದಲು ಕೂದಲನ್ನಷ್ಟೇ ಕತ್ತರಿಸಿ ಫ್ಲಿಪ್ ಮಾಡಿದೆ. ಹತ್ತು ನಿಮಿಷದ ಕೆಲಸ. ಅಕ್ಕ ನೋಡಿ, "ವಿಗ್ ಹಾಕಿಕೊಂಡ ಹಾಗಿದೆಯಲ್ಲೋ" ಅಂದಳು. ಅಂಚು ಸರಿಯಾಗಿಯೇ ಇತ್ತು, ಎಳೆಗಳೂ ಚೆನ್ನಾಗಿದ್ದವು. ತಪ್ಪು ಎಲ್ಲಿದೆ ಅಂತ ಹುಡುಕೋದರಲ್ಲೇ ಒಂದು ಸಂಜೆ ಕಳೆಯಿತು.

ತಪ್ಪು ಬೆಳಕಿನದು. ಫೋಟೋದಲ್ಲಿ ಬೆಳಕು ಎಡಗಡೆಯ ಕಿಟಕಿಯಿಂದ ಬೀಳುತ್ತಿತ್ತು. ಬೈತಲೆ ಎಡಕ್ಕಿದ್ದಾಗ ಅದರ ಗೆರೆಗೆ ನೇರ ಬೆಳಕು, ನೆತ್ತಿಯ ಚರ್ಮ ಬೆಳ್ಳಗೆ ಕಾಣುತ್ತಿತ್ತು. ಬಲಕ್ಕೆ ಬಂದ ಮೇಲೆ ಉಬ್ಬಿದ ಕೂದಲ ರಾಶಿ ಬೆಳಕಿಗೂ ಗೆರೆಗೂ ನಡುವೆ ನಿಲ್ಲುತ್ತದೆ, ಅಂದರೆ ಗೆರೆ ನೆರಳಲ್ಲಿರಬೇಕು. ನನ್ನ ಚಿತ್ರದಲ್ಲಿ ಅದು ಸೀಮೆಸುಣ್ಣ ಎಳೆದ ಹಾಗೆ ಹೊಳೆಯುತ್ತಿತ್ತು. ಕೂದಲ ಮಿಂಚೂ ಕಿಟಕಿ ಇಲ್ಲದ ಕಡೆಗೆ ಹೋಗಿತ್ತು. ಮುಖದ ಮೇಲೆ ಒಂದು ಕಡೆಯ ಬೆಳಕು, ತಲೆಯ ಮೇಲೆ ಇನ್ನೊಂದು ಕಡೆಯದು.

ಎರಡನೇ ದಾರಿಯೇ ನನಗೆ ಒಗ್ಗಿದ್ದು. GIMP ಅನ್ನೋ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಫೋಟೋದ ಪದರವನ್ನು ನಕಲು ಮಾಡಿ, `Filters > Enhance > Wavelet-decompose` ಕೊಟ್ಟೆ. ಅದು ಚಿತ್ರವನ್ನು ಐದು ಸ್ಕೇಲ್ ಪದರಗಳಾಗಿ ಮತ್ತು ಒಂದು `Residual` ಆಗಿ ಬಿಡಿಸುತ್ತದೆ. ಎಳೆಗಳೂ ಬೈತಲೆಯ ಸಣ್ಣ ಗೆರೆಯೂ ಹೆಚ್ಚಾಗಿ ಸ್ಕೇಲ್‌ಗಳಲ್ಲಿರುತ್ತವೆ, ಅಗಲವಾದ ಬೆಳಕು-ನೆರಳು `Residual` ನಲ್ಲಿ. ಸ್ಕೇಲ್‌ಗಳನ್ನಷ್ಟೇ ಫ್ಲಿಪ್ ಮಾಡಿ, ತಲೆಯ ನಡುಗೆರೆ ಕೂಡುವವರೆಗೆ ಜರುಗಿಸಿದೆ. ಈ ಪದರಗಳೆಲ್ಲ ಇರುವ ಗುಂಪಿಗೆ ಮಾಸ್ಕ್ ಹಾಕಿ ನೆತ್ತಿಯಿಂದ ಕಿವಿಯ ಮೇಲಿನವರೆಗೆ ಮಾತ್ರ ಉಳಿಸಿಕೊಂಡೆ. ಹಳೆ ಬೈತಲೆ ಇದ್ದಲ್ಲಿ `Residual` ನಲ್ಲಿ ಮಸುಕಾದ ಬಿಳಿ ಕಲೆ ಉಳಿದಿತ್ತು, ಪಕ್ಕದ ಕೂದಲ ಬಣ್ಣದಿಂದ ಮೆತ್ತಗೆ ಮುಚ್ಚಿದೆ. ಹೊಸ ಗೆರೆಯ ಮೇಲೆ `Multiply` ಪದರ ಹಾಕಿ ಕಂದು ನೆರಳು ಬಳಿದೆ, ಹಣೆಯ ಕಡೆ ಕಡಿಮೆ, ಹಿಂದಕ್ಕೆ ಹೋದಂತೆ ಜಾಸ್ತಿ.

ಇಲ್ಲೂ ಒಂದು ಕೊರತೆ ಇದೆ. ಫ್ಲಿಪ್ ಮಾಡಿದರೆ ಸುಳಿಯೂ ಉಲ್ಟಾ ಸುತ್ತುತ್ತದೆ. ಬಾಚಣಿಗೆಯಿಂದ ಬೈತಲೆ ಬದಲಿಸಿದರೆ ಸುಳಿ ತಿರುಗೋದಿಲ್ಲ, ಅಲ್ವಾ? ಎದುರಿನಿಂದ ತೆಗೆದ ಫೋಟೋದಲ್ಲಿ ಅದು ಕಾಣದು. ಮೇಲಿನಿಂದ ತೆಗೆದಿದ್ದರೆ ಸುಳಿಯ ಜಾಗವನ್ನು ಮಾಸ್ಕ್‌ನಿಂದ ಹೊರಗಿಡಿ.

ಒಂದೊಂದೇ ಎಳೆ ಬರೆಯೋದು ಮೂರನೇ ದಾರಿ. ಪೆನ್ ಟ್ಯಾಬ್ಲೆಟ್ ಇದ್ದವರಿಗೆ ಅದೇ ಚೆನ್ನ. ನನ್ನ ಹತ್ತಿರ ಇರೋದು ಮೌಸ್. ಮೂವತ್ತನೇ ಎಳೆಗೆ ಕೈಬಿಟ್ಟೆ.

ನನಗಂತೂ ಎರಡನೆಯದೇ. ಸಾಫ್ಟ್‌ವೇರ್‌ಗೆ ದುಡ್ಡಿಲ್ಲ, ಒಂದೂವರೆ ಗಂಟೆ ಹಿಡಿಯಿತು. ಅಕ್ಕ ನೋಡಿ, "ಎಡಗಡೆಯೇ ಇರಲಿ ಬಿಡು" ಅಂದಳು.